ಈ ಬಾರಿ ಆಯ್ಕೆಯಾಗಿಲ್ಲ

ಕಂಪನಿಯೊಂದರ ನೇಮಕಾತಿ ವಿಭಾಗದಲ್ಲಿ ಕೂತು 'ಇಲ್ಲ' ಎಂದು ಬರೆಯುವುದೇ ನನ್ನ ಕೆಲಸ. ನಯವಾಗಿ ಬರೆದು ಬರೆದು ನಾಲಿಗೆ ಮಾತ್ರ ಒರಟಾಗಿದೆ. ಇಂಥ ಪತ್ರಗಳ ಒಳಾರ್ಥ ನನಗೆ ಗೊತ್ತೆಂದು ತಮ್ಮನ ಹೆಂಡತಿ ಫೋನ್ ಮಾಡಿ, ಆಸ್ಪತ್ರೆಯ ಲ್ಯಾಬಿನಿಂದ ಮೇಲ್ ಬಂದಿದೆ, ಬಂದು ಓದಿ ಹೇಳಿ ಎಂದಾಗ ಚಪ್ಪಲಿ ಮೆಟ್ಟಿ ಹೊರಟೆ. ಅವಳು ಅಲ್ಲಿ ಟೆಕ್ನಿಷಿಯನ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಆ ಕೆಲಸಕ್ಕೆ ಕ್ವಾರ್ಟರ್ಸ್ ಇತ್ತು, ಗೇಟಿಗೆ ಕಾವಲಿತ್ತು. ಹಿಂದೆ ಅವಳು ನನ್ನ ಮನೆಗೆ ಓಡಿಬಂದಾಗ ತಮ್ಮ ಅವಳ ಕೂದಲು ಹಿಡಿದು ಎಳೆದೊಯ್ದಿದ್ದ. ಅವನ ಕೈಗೆ ಸಿಗದಂತೆ ಬದುಕಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ.

ನಾನು ಹೋಗುವಷ್ಟರಲ್ಲಿ ಅವಳ ತುಟಿ ಒಡೆದಿತ್ತು. 'ಈ ಬಾರಿ ನಿಮ್ಮನ್ನು ಆಯ್ಕೆ ಮಾಡಲಾಗುತ್ತಿಲ್ಲ' ಎಂಬ ಮೊದಲ ಸಾಲು ಓದಿಯೇ ತಮ್ಮ ಗೆದ್ದವನಂತೆ ಬೀಗುತ್ತಿದ್ದ. ಅವನೂ ನಿರುದ್ಯೋಗಿ. ಅವನಿಗೊಮ್ಮೆ ಬಂದಿದ್ದ ಮೇಲಿನಲ್ಲಿ, 'ನಿಮ್ಮ ವಿವರ ನಮ್ಮಲ್ಲಿರುತ್ತದೆ, ಸೂಕ್ತ ಅವಕಾಶ ಬಂದರೆ ತಿಳಿಸುತ್ತೇವೆ' ಎಂದಿತ್ತು. ಅದನ್ನೇ ನಂಬಿ ಬೇರೆಲ್ಲೂ ಅರ್ಜಿ ಹಾಕದೆ ಕೂತಿದ್ದ.

ನಾನು ಅವಳ ಮೇಲನ್ನು ಕೊನೆಯವರೆಗೂ ಓದಿದೆ. ಲ್ಯಾಬಿನ ಮುಖ್ಯಸ್ಥೆ ತಾನೇ ಕೂತು ಬರೆದಿದ್ದಳು. ಆಯ್ಕೆ ಪರೀಕ್ಷೆಯ ದಿನ ಕೊಟ್ಟ ರಕ್ತದ ಮಾದರಿ ಹೆಪ್ಪುಗಟ್ಟಿದೆ, ರಕ್ತಕಣಗಳ ಎಣಿಕೆಗೆ ಬಾರದು ಎಂದು ಇವಳು ವಾಪಸ್ ಮಾಡಿದ್ದನ್ನು ಮೆಚ್ಚಿದ್ದಳು. ಈ ಹುದ್ದೆ ಹೆಚ್ಚು ಅನುಭವವಿದ್ದವರಿಗೆ ಹೋಯಿತು, ಮುಂದಿನ ತಿಂಗಳು ರಾತ್ರಿಪಾಳಿಯದು ಖಾಲಿಯಾಗುತ್ತದೆ, ಆಸಕ್ತಿಯಿದ್ದರೆ ಶುಕ್ರವಾರದೊಳಗೆ ನನಗೇ ತಿಳಿಸಿ ಎಂದಿದ್ದಳು.

"ಸಿಕ್ಕೇಬಿಡ್ತು ಅಂತಲ್ಲ ಕಣೆ. ಆದ್ರೆ ನೀನು ಬೇಕು ಅಂತ ಕೇಳ್ತಿದಾರೆ," ಎಂದೆ.

ತಮ್ಮ ತನ್ನ ಫೋನನ್ನು ನನ್ನ ಮೂಗಿಗೆ ಹಿಡಿದ. "ನಂದ್ರಲ್ಲೂ ತಿಳಿಸ್ತೀವಿ ಅಂತ ಇದೆಯಲ್ಲ?"

"ಯಾವ ಕೆಲಸ, ಯಾವಾಗ, ಯಾರನ್ನ ಕೇಳ್ಬೇಕು, ಒಂದಾದ್ರೂ ಇದೆಯಾ? ಇದು ಎಲ್ಲರಿಗೂ ಹೋಗೋದು ಕಣೋ. ಇಂಥದ್ದನ್ನ ನಾನೇ ದಿನಾ ಕಳಿಸ್ತೀನಿ."

ಅವನ ಮುಖ ಬಿಳುಚಿಕೊಂಡಿತು. ಅಕ್ಕನ ಮೇಲೆ ಕೈಯೆತ್ತಲಾರದ ಸಭ್ಯ! ಹೆಂಡತಿಯ ಬಲಗೈ ಹಿಡಿದೆಳೆದು ಕಬ್ಬಿಣದ ಬೀರುವಿನ ಸಂದಿಗಿಟ್ಟು ಬಾಗಿಲನ್ನು ಒದ್ದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವನು ಮತ್ತೆ ಕಾಲೆತ್ತಿದಾಗ ನಾನು ಸ್ಟೂಲನ್ನು ಎತ್ತಿ ಬೀಸಿದೆ. ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದಕ್ಕೆ ಹಣೆ ಸೀಳಿತು. ಇನ್ನೊಂದು ಹಾಕುವ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅವನು ಗೋಡೆಗೊರಗಿ ಕುಸಿದಿದ್ದ.

ಅವಳು ಊದುತ್ತಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ತನ್ನ ಫೋನನ್ನು ನನಗೆ ಕೊಟ್ಟಳು.

"ನೀವೇ ಬರೀರಿ ಅತ್ತಿಗೆ. ಬರ್ತೀನಿ ಅಂತ. ಕೈ ವಿಷಯ ಬೇಡ, ಅಷ್ಟರಲ್ಲಿ ಸರಿಹೋಗುತ್ತೆ."

ಅವಳು ಹೇಳಿದಂತೆಯೇ ಬರೆದು ಕಳಿಸಿದೆ. ಅವಳ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಆಸ್ಪತ್ರೆಗೆಂದು ಅವಳನ್ನು ಎಬ್ಬಿಸಿದೆ. ನಾವು ಹೊಸ್ತಿಲು ದಾಟುವಾಗ ಅವನು ಕಣ್ಣಿಗಿಳಿದ ರಕ್ತವನ್ನು ತೋಳಿನಿಂದ ಒರೆಸಿಕೊಂಡು ತನ್ನ ಫೋನನ್ನು ಮತ್ತೆ ಚಾಚಿದ.

"ಅಕ್ಕ, ನಂದನ್ನ ಇನ್ನೊಂದ್ಸಲ ಓದ್ತೀಯಾ?"

ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೇ ಮೈಯೆಲ್ಲ ಉರಿಯಿತು. ಅವಳನ್ನು ಮುಂದೆ ಬಿಟ್ಟುಕೊಂಡು ಮೆಟ್ಟಿಲಿಳಿದೆ.