ಮೇಡಂ ಕಡೆಯವರು

ವೈದ್ಯಕೀಯ ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ವೈದ್ಯಕೀಯ ನೀತಿ ಕಲಿಸುತ್ತಿದ್ದ ಮೇಡಂ ಪ್ರತಿವರ್ಷ ಚರ್ಚೆಗೆ ಕೊಡುತ್ತಿದ್ದ ಕೈಪಿಡಿಯ ಮೊದಲ ಪ್ರಕರಣವೇ ಇದು: ರೋಗಿಗೆ ಪೂರ್ತಿ ಎಚ್ಚರವಿದೆ, ಆದರೂ ಡಾಕ್ಟರು ಆಪರೇಷನ್ನಿನ ಅಪಾಯಗಳನ್ನು ಅವಳ ತಮ್ಮನಿಗೆ ವಿವರಿಸಿ ಸಹಿ ಹಾಕಿಸಿಕೊಂಡರು. ಇದು ಒಪ್ಪಿಗೆಯೇ?

"ಅಲ್ಲವೇ ಅಲ್ಲ" ಎಂದು ಅಂದು ಬೆಂಚು ಗುದ್ದಿ ವಾದಿಸಿದ್ದ ಹುಡುಗನೇ ಈಗ ಡಾಕ್ಟರಾಗಿ, ಒಪ್ಪಿಗೆ ಪತ್ರ ಹಿಡಿದು ಮೇಡಂ ಮಂಚದ ಬಳಿ ನಿಂತಿದ್ದ. ನಾಳೆ ಅವರಿಗೆ ಪಿತ್ತಕೋಶದ ಆಪರೇಷನ್.

ಅವನು ಖಾಲಿ ಸ್ಟೂಲಿನತ್ತ ನೋಡಿದ. "ನಿಮ್ಮ ಕಡೆಯವರು ಯಾರೂ ಬಂದಿಲ್ವಾ ಮೇಡಂ? ಬರಲಿ, ಅವರಿಗೆ ಎಲ್ಲಾ ಹೇಳ್ತೀನಿ."

ಬರುವವರು ಯಾರೂ ಇಲ್ಲವೆಂದು ಗೊತ್ತಿದ್ದೂ ಬೆಳಗಿನಿಂದ ಬಾಗಿಲನ್ನೇ ನೋಡುತ್ತಿದ್ದ ಮೇಡಂಗೆ ಎಲ್ಲಿಲ್ಲದ ಸಿಟ್ಟು ಬಂತು. ಸ್ಟೂಲನ್ನು ಅವನತ್ತ ತಳ್ಳಿದರು.

"ನನ್ನ ಕಡೆಯವಳು ನಾನೇ ಕಣಪ್ಪ. ಕೂತ್ಕೋ, ನನಗೇ ಹೇಳು."