ಬಕೆಟ್ಟಿನ ಬಿಳಿ ನೀರು

ದೊಡ್ಡ ಪಾತ್ರೆಗೆ ಪೈಪು ಹಿಡಿದ ಕೂಡಲೇ ಅಂಚಿಗೆ ಅಂಟಿದ್ದ ಸನ್‌ಸ್ಕ್ರೀನ್ ಹಾಲಿನಂತೆ ಕರಗಿ ಬಕೆಟ್ಟಿಗೆ ಇಳಿಯಿತು. ಪಕ್ಕದಲ್ಲಿದ್ದ ಗಾಜಿನ ಬೀಕರ್ ಮಾತ್ರ ಹಟ ಹಿಡಿದಿತ್ತು. ಅದರ ಒಳಗೆ ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿತು. ಸೋಪಿನಪುಡಿ ಹಾಕಿ ಮೂರು ಸಲ ತಿಕ್ಕಿದ ಮೇಲೆಯೇ ಜಿಡ್ಡು ಬಿಟ್ಟಿತು.

ಎರಡರಲ್ಲಿಯೂ ಇದ್ದದ್ದು ಒಂದೇ ಸನ್‌ಸ್ಕ್ರೀನ್ ಎಂದು ಕಾಮಾಕ್ಷಿಪಾಳ್ಯದ ನಮ್ಮ ಕ್ರೀಮ್ ಘಟಕದಲ್ಲಿ ಎಲ್ಲರೂ ಹೇಳುತ್ತಿದ್ದರು. ದಿನಾ ಆ ಪಾತ್ರೆಗಳನ್ನು ತೊಳೆಯುವ ನನ್ನ ಕೈ ಅದನ್ನು ಒಪ್ಪಲಿಲ್ಲ.

ಕೆಂಗೇರಿಯ ಪೌರಕಾರ್ಮಿಕರ ಸಂಘದವರು ಬೆವರಿಗೆ ಹೋಗದ ಸನ್‌ಸ್ಕ್ರೀನ್ ಬೇಕೆಂದು ಕೇಳಿ ನಾಲ್ಕು ತಿಂಗಳಾಗಿತ್ತು. ನಮ್ಮ ಕೆಮಿಸ್ಟ್ ಕುಸುಮಾ ಮಾಡಿಕೊಡುತ್ತೇವೆಂದು ಅಂದೇ ಉತ್ತರ ಬರೆದು, ಸರಿಹೋದ ದಿನ ಕಳಿಸಲೆಂದು ತಾರೀಖಿನ ಜಾಗ ಖಾಲಿ ಬಿಟ್ಟು ಮೇಜಿನ ಖಾನೆಯಲ್ಲಿ ಇಟ್ಟಿದ್ದಳು. ಬೀಕರಿನಲ್ಲಿ ಅವಳೇ ಮಾಡಿದ ಸ್ಯಾಂಪಲ್ ಬೆವರಿಗೂ ಹೋಗದೆ ನಿಲ್ಲುತ್ತಿತ್ತು. ಪಾತ್ರೆಯಲ್ಲಿ ಮಾಡಿಸಿದ್ದನ್ನು ಮಾತ್ರ ವಿಜಯನಗರದಲ್ಲಿ ಬೀದಿ ಗುಡಿಸುವ ನನ್ನ ಸೊಸೆ ದಾನಮ್ಮ ಹಚ್ಚಿಕೊಂಡರೆ ಒಂಬತ್ತು ಗಂಟೆಗೆಲ್ಲ ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿಸುತ್ತಿತ್ತು. ಶನಿವಾರದೊಳಗೆ ಸರಿಹೋಗದಿದ್ದರೆ ಆ ಕೆಲಸವನ್ನೇ ಬಿಡುವುದೆಂದು ಮಾಲೀಕರು ಕಾಂತರಾಜು ಹೇಳಿಯಾಗಿತ್ತು. ನಾನು ಪಾತ್ರೆ ತೊಳೆಯುತ್ತಿದ್ದ ಆ ದಿನ ಸೋಮವಾರ.

"ಕುಸುಮಾ, ಇಲ್ಲಿ ಬಾರವ್ವ," ಎಂದೆ. "ಇದು ನೀರಿಗೆ ಹಾಲಾಗಿ ಹೋತು. ಅದು ಸೋಪು ಹಾಕದ ಬಿಡಲಿಲ್ಲ. ಎರಡೂ ಒಂದಾ ಅಂತೀಯೇನು?"

ಅವಳು ಬಕೆಟ್ಟನ್ನೇ ನೋಡುತ್ತ ನಿಂತಳು. ಆಮೇಲೆ ಓಡಿಹೋಗಿ ಎರಡು ಲೋಟ ನೀರು ತಂದು, ಡಬ್ಬಿಗಳಲ್ಲಿ ತೆಗೆದಿಟ್ಟಿದ್ದ ಎರಡೂ ಸನ್‌ಸ್ಕ್ರೀನಿನ ಒಂದೊಂದು ಚಿಟಿಕೆ ಹಾಕಿ ಕಲಕಿದಳು. ಪಾತ್ರೆಯದು ಬಿಳಿಯಾಗಿ ಹರಡಿತು. ಬೀಕರಿನದು ಉಂಡೆಯಾಗಿಯೇ ತೇಲಿತು.

"ಅಯ್ಯೋ ಹಾಲವ್ವ! ಒಳಗಿಂದು ಹೊರಗಾಗಿ ತಿರುಗಿಕೊಂಡಿದೆ ನೋಡಿ ಇದು. ನಾನು ಮಾಡಿದ್ದರಲ್ಲಿ ಎಣ್ಣೆ ಹೊರಗೆ, ನೀರಿನ ಹನಿಗಳು ಒಳಗೆ. ಇದರಲ್ಲಿ ನೀರೇ ಹೊರಗಿದೆ, ಎಣ್ಣೆ ಒಳಗೆ ಹೋಗಿದೆ. ಹೊರಗೆ ನೀರಿದ್ರೆ ಬೆವರು ಬಂದ ತಕ್ಷಣ ಅದರ ಜೊತೆ ಸೇರ್ಕೊಂಡು ಹೊರಟುಹೋಗುತ್ತೆ!"

ಪಾತ್ರೆ ಕಲಕುವ ರವಿಕುಮಾರ್ ಮೂಲೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ.

"ರವಿ, ನಾನು ಬರೆದುಕೊಟ್ಟಿದ್ದು ಬಿಟ್ಟು ಇನ್ನೇನು ಹಾಕ್ದೆ?"

"ಏನಿಲ್ಲ ಮೇಡಂ." ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟು, "ಒಂದು ಹಿಡಿ ವ್ಯಾಕ್ಸ್. ಎಲ್ಲಾ ಕ್ರೀಮಿಗೂ ಹಾಕ್ತೀವಲ್ಲ ಅದನ್ನೇ. ನೀವು ಹೇಳಿದ್ದು ಜಿಡ್ಡುಜಿಡ್ಡಾಗಿತ್ತು, ಹಚ್ಚಿದ್ರೆ ಹರಡ್ತಾನೇ ಇರ್ಲಿಲ್ಲ. ಅದು ಬಿದ್ದ ಮೇಲೆ ನೋಡಿ, ತಣ್ಣಗೆ, ಹಗುರ, ಸರ್ ಅಂತ ಹರಡ್ತು!"

"ಅದಕ್ಕೇ ಹರಡಿದ್ದು!" ಕುಸುಮಾ ಹಣೆ ಬಡಿದುಕೊಂಡು ನಕ್ಕಳು. "ಅದು ಬರೀ ಮೇಣ ಅಲ್ಲ, ಎಣ್ಣೆ ನೀರು ಬೆರೆಸೋ ವ್ಯಾಕ್ಸು. ಬೆರೆಸುವಾಗ ನೀರನ್ನ ಹೊರಗೆ ಇರಿಸೋ ಜಾತಿದು. ನಮ್ಮ ಬೇರೆ ಕ್ರೀಮಿಗೆ ಸರಿ, ಇದಕ್ಕೆ ವೈರಿ."

ಹತ್ತು ವರ್ಷದಿಂದ ಪ್ರತಿ ಪಾತ್ರೆಗೂ ಒಂದು ಹಿಡಿ ಹಾಕುವುದು ಅವನ ಕೈಗೆ ರೂಢಿಯಾಗಿತ್ತು. ಯಾರೂ ಹೇಳದೆಯೇ ಹಾಕುತ್ತಿದ್ದ. ಬೇಕೆಂದು ಮಾಡಿದ ತಪ್ಪಲ್ಲ.

ಮರುದಿನ ವ್ಯಾಕ್ಸಿನ ಡಬ್ಬಿಗೆ ಬೀಗ ಬಿತ್ತು. ಜಿಡ್ಡು ಕಡಿಮೆಯಾಗಲೆಂದು ಕುಸುಮಾ ಒಂದು ಭಾರದ ಎಣ್ಣೆಯ ಜಾಗಕ್ಕೆ ಹಗುರ ಎಣ್ಣೆ ಹಾಕಿದಳು. ಎಣ್ಣೆಯ ಪಾತ್ರೆ ತಿರುಗುತ್ತಿರುವಾಗ ನೀರನ್ನು ದಾರದಷ್ಟು ಸಣ್ಣಗೆ ಬಿಡಬೇಕು. ರವಿಕುಮಾರನಿಗೆ ಅವಸರ.

"ಎಷ್ಟು ಹೊತ್ತು ಅಜ್ಜಿ? ಕೈ ಸೋತೋಯ್ತು!"

"ಬಿಡೋ, ನಾನು ಹಿಡೀತೀನಿ," ಎಂದು ಚೊಂಬು ಇಸಿದುಕೊಂಡೆ. ತೆಳ್ಳಗೆ ಸುರಿಯುವುದಕ್ಕೆ ಬಲ ಬೇಡ. ಮುಕ್ಕಾಲು ಗಂಟೆ ಸುರಿದೆ. ಪಾತ್ರೆಯಲ್ಲಿ ಮೆತ್ತನೆಯ, ಹೊಳೆಯುವ ಸನ್‌ಸ್ಕ್ರೀನ್ ಆಯಿತು. ಒಂದು ಚಿಟಿಕೆ ನೀರಿಗೆ ಹಾಕಿದರೆ ಉಂಡೆಯಾಗಿ ನಿಂತಿತು. ಕುಸುಮಾ ಲೋಟವನ್ನು ತಲೆಯ ಮೇಲೆತ್ತಿ ಕುಣಿದಳು.

ಗುರುವಾರ ದಾನಮ್ಮ ಎಡಗೈಗೆ ಹಳೆಯದನ್ನೂ ಬಲಗೈಗೂ ಮುಖಕ್ಕೂ ಹೊಸದನ್ನೂ ಹಚ್ಚಿಕೊಂಡು ಹೋದಳು. ಮಧ್ಯಾಹ್ನ ನೇರವಾಗಿ ಘಟಕಕ್ಕೇ ಬಂದಳು. ಎಡಗೈಯಲ್ಲಿ ಬೆವರಿನ ಬಿಳಿ ಗೆರೆಗಳು. ಬಲಗೈ ಮೇಲೆ ನೀರು ಚಿಮುಕಿಸಿದರೆ ಮುತ್ತಿನಂತೆ ನಿಂತಿತು.

"ಕಣ್ಣು ಉರಿಲೇ ಇಲ್ರಿ ಅತ್ತಿ! ಜಿಡ್ಡು ಸ್ವಲ್ಪ ಅದ. ಬೆಳಿಗ್ಗಿಂದ ಸಂಜೀತನಕ ಬಿಸಿಲಾಗ ನಿಂತೋರಿಗೆ ಅದೇನು ದೊಡ್ಡದು?"

ಕಾಂತರಾಜು ಲೋಟ ನೋಡಿ, ಕೈ ನೋಡಿ, "ಕಳ್ಸಿ ಮೇಡಂ ಆ ಪತ್ರನಾ. ಪರೀಕ್ಷೆಗೆ ಹೊರಗಿನ ಲ್ಯಾಬಿಗೂ ಇದೇ ಬ್ಯಾಚ್ ಕೊಡಿ," ಎಂದರು.

ಕುಸುಮಾ ಖಾನೆಯಿಂದ ಪತ್ರ ತೆಗೆದು ತಾರೀಖು ಹಾಕಿದಳು. ಸಹಿ ಮಾಡುವಾಗ ನನ್ನತ್ತ ತಿರುಗಿದಳು. "ಬೇರೆ ಏನಾದ್ರೂ ಸೇರಿಸಲಾ?"

"ನಿಂದು ಎಲ್ಲಾ ಹೊಗಳಿಕೆನೇ ಆತು," ಎಂದೆ. "ಜಿಡ್ಡು ಸ್ವಲ್ಪ ಅದ, ಬಟ್ಟೆಯಿಂದ ಉಜ್ಜಿಕೊಂಡ್ರ ಮತ್ತ ಹಚ್ಚಬೇಕು, ಸಂಜಿಗೆ ಸೋಪು ಹಾಕಿ ತೊಳೀಬೇಕು. ಈಗ ಸ್ಯಾಂಪಲ್ ಅಷ್ಟ, ಉಳಿದ ಮಾಲು ಲ್ಯಾಬ್ ವರದಿ ಬಂದ ಮ್ಯಾಲೆ ಕಳಸ್ತೀವಿ ಅಂತನೂ ಬರಿ."

ಅವಳು ನಾಲ್ಕನ್ನೂ ಬರೆದಳು. ಸ್ಯಾಂಪಲ್ ಡಬ್ಬಿಯ ಜೊತೆ ಕವರು ಅಂಟಿಸಿ, ವಿಳಾಸ ಬರೆಯಲು ಪೆನ್ನು ನನ್ನ ಕೈಗಿತ್ತಳು. ಕೆಂಗೇರಿ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದೆ. ಅಂಚೆ ಕಚೇರಿಯ ಕೌಂಟರಿನಾಕೆ ಕವರು ತೂಗಿ ಮೊಹರು ಒತ್ತಿ, ನಾಲ್ಕು ತಿಂಗಳ ಕಾಲ ನಮ್ಮ ಖಾನೆಯಲ್ಲಿದ್ದ ಪತ್ರವನ್ನು ತನ್ನ ಹಿಂದಿದ್ದ ಟಪಾಲು ಚೀಲಕ್ಕೆ ಹಾಕಿದಳು.