ಬ್ರೇಕಣ್ಣನ ಮೋರ್‌ಗಳು

ಲಿಫ್ಟ್ ಕಂಪನಿಯ ಆಫೀಸಿನಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಹೊರಗೆ ಹೋಗುವ ಇಂಗ್ಲಿಷ್ ಮೇಲ್‌ಗಳನ್ನೆಲ್ಲ ತಿದ್ದಿ ಕಂಪನಿಯ ಹೆಸರಿನಲ್ಲಿ ಕಳಿಸುವುದು ಕೆಲವು ತಿಂಗಳಿಂದ ಅವಳ ಕೆಲಸ. ಹೆಚ್ಚು ಕತ್ತರಿ ಬೀಳುತ್ತಿದ್ದುದು ಬ್ರೇಕಣ್ಣನ ಬರಹಕ್ಕೆ. ಹಳೆಯ ಕಟ್ಟಡಗಳ ಲಿಫ್ಟ್ ಬ್ರೇಕುಗಳನ್ನು ನೋಡಿ ಬರುವ ಮೆಕ್ಯಾನಿಕ್ ಅವನು.

ಅವತ್ತೂ ಗ್ರೀಸ್ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತ ಅವಳ ಹಿಂದೆ ಬಂದು ನಿಂತ.

"ನೋಡಕ್ಕ, ಆಪರೇಷನ್ ಶುರು ಮಾಡು."

ಪರದೆಯ ಮೇಲೆ ಅವನ ಮೇಲ್ ಇತ್ತು. ಎಂಟು ಮಹಡಿಯ ಒಂದು ಕಟ್ಟಡದ ಲಿಫ್ಟ್ ಬ್ರೇಕ್ 'ಮೋರ್ ವರ್ಸ್' ಆಗಿದೆ, ಹೊಸ ಲೈನಿಂಗ್ ಪಟ್ಟಿ ಹಾಕಿದರೆ 'ಮೋರ್ ಬೆಟರ್', ಲಿಫ್ಟನ್ನು ಇವತ್ತೇ ನಿಲ್ಲಿಸುವುದು 'ಮೋಸ್ಟ್ ಸೇಫೆಸ್ಟ್'. ಅವಳು ಮೋರ್, ಮೋಸ್ಟ್‌ಗಳನ್ನು ಒಂದೊಂದಾಗಿ ತೆಗೆದಳು. ವರ್ಸ್, ಬೆಟರ್, ಸೇಫೆಸ್ಟ್ ಉಳಿದವು. 'ಮೋರ್ ಡೇಂಜರಸ್' ಎಂಬಲ್ಲಿ ಮಾತ್ರ ಕೈ ಹಾಕಲಿಲ್ಲ.

"ಅದನ್ಯಾಕೆ ಬಿಟ್ಟೆ?"

"ಅಲ್ಲಿ ಮೋರ್ ಬೇಕು ಕಣೋ. ಬೆಟರ್ ಅಂದ್ರೇನೇ ಹೆಚ್ಚು ಒಳ್ಳೇದು. ಅದರ ತಲೆ ಮೇಲೆ ಇನ್ನೊಂದು ಮೋರ್ ಕೂರಿಸಿದ್ರೆ ಟೋಪಿ ಮೇಲೆ ಟೋಪಿ ಹಾಕಿದ ಹಾಗೆ."

"ಒಂದು ಸಲ ಹೇಳಿದ್ರೆ ಯಾರಕ್ಕ ಕೇಳ್ತಾರೆ? ಮೊನ್ನೆ ನಾನೇ ಸ್ವಿಚ್ ಆರಿಸಿ ಬಂದೆ. ಬೆನ್ನು ತಿರುಗಿಸಿದ್ದೇ ತಡ, ಕಾವಲುಗಾರ ಮತ್ತೆ ಓಡಿಸಿದ್ದಾನೆ. ಈಗ ಆ ಲಿಫ್ಟು ಮಹಡಿಗಿಂತ ಒಂದು ಗೇಣು ಕೆಳಗೆ ನಿಲ್ಲುತ್ತೆ."

ನಗುತ್ತಲೇ ಹೇಳಿ, ಊರಾಚೆಯ ಇನ್ನೊಂದು ಕಟ್ಟಡಕ್ಕೆ ಹೊರಟುಹೋದ. ಅವಳು ಮೇಲ್ ಕಳಿಸಿದಳು.

ಮಧ್ಯಾಹ್ನವಾದರೂ ಉತ್ತರವಿಲ್ಲ. ಹಿಂದಿನ ವಾರದ ಮೇಲ್‌ಗೂ ಉತ್ತರ ಬಂದಿರಲಿಲ್ಲ. ಅದನ್ನೂ ಅವಳೇ ತಿದ್ದಿದ್ದಳು. ಆ ಗೇಣು ಮಾತು ಅವಳ ತಲೆಯಲ್ಲಿ ಕೂತು ಏಳಲೊಲ್ಲದು. ಕಟ್ಟಡದ ಕಾವಲುಗಾರನಿಗೆ ಫೋನ್ ಮಾಡಿದಳು.

"ಲಿಫ್ಟ್ ನಿಲ್ಲಿಸಿದ್ರಾ?"

"ಯಾಕಮ್ಮ ನಿಲ್ಲಿಸಬೇಕು? ಚೆನ್ನಾಗೇ ಓಡ್ತಿದೆ. ಸ್ವಲ್ಪ ಕುಪ್ಪಳಿಸುತ್ತೆ, ಅಷ್ಟೇ."

"ಮೇಲ್ ಕಳಿಸಿದ್ವಲ್ಲ!"

"ಇರಿ, ಅಧ್ಯಕ್ಷರು ಇಲ್ಲೇ ಇದ್ದಾರೆ." ಫೋನ್ ಕೈ ಬದಲಾಯಿಸಿತು.

"ನಿಮ್ಮ ಕಂಪನಿಯಿಂದ ಹೊಸ ಭಾಗ ಮಾರೋಕೆ ದಿನಾ ಮೇಲ್ ಬರ್ತಾವೆ ತಾಯಿ," ಎಂದರು ಕಟ್ಟಡ ಸಂಘದ ಅಧ್ಯಕ್ಷರು. "ನೀಟಾದ ಇಂಗ್ಲಿಷು, ಬೆಟರ್ರು, ಸೇಫೆಸ್ಟು. ಎರಡು ಸಾಲು ನೋಡಿ ಪಕ್ಕಕ್ಕೆ ತಳ್ತೀವಿ. ಆ ಬ್ರೇಕಣ್ಣ ಈಗೀಗ ಬರೆಯೋದೇ ಬಿಟ್ಟಿದ್ದಾನೆ. ಅವನ ಮೋರ್ ವರ್ಸ್ ಬಂದ್ರೆ ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕು ಓದ್ತಿದ್ವಿ. ಅದರಲ್ಲಿ ಹೇಳಿದ್ದನ್ನ ಮಾಡ್ತಾನೂ ಇದ್ವಿ. ಅವನು ಸುಮ್‌ಸುಮ್ನೆ ಬರೆಯೋನಲ್ಲ."

ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಸರ್, ಅದು ಅವನೇ ಬರೆದದ್ದು. ನಾನು ತಿದ್ದಿದೆ."

"ಹಾಗಂತ ನೀವು ಹೇಳ್ತೀರಿ. ಮಾರೋರು ಏನು ಬೇಕಾದ್ರೂ ಹೇಳ್ತಾರೆ."

ಅವಳು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಅವನ ಮೂಲ ಬರಹವನ್ನು ಹುಡುಕಿ ಇದ್ದ ಹಾಗೇ ಕಳಿಸಿದಳು. ಒಂದು ಮೋರ್ ಬಿಡಲಿಲ್ಲ. ಆಮೇಲೆ ಅಧ್ಯಕ್ಷರು ಓದುವ ದನಿ: "ಮೋಸ್ಟ್ ಸೇಫೆಸ್ಟ್..." ಕಿಸಕ್ಕನೆ ನಕ್ಕರು. ನಗು ಅಲ್ಲೇ ನಿಂತಿತು.

"ಏಯ್, ಲಿಫ್ಟ್ ಆರಿಸೋ!"

"ಮೇಲೆ ಹೋಗಿದೆ ಸರ್," ಕಾವಲುಗಾರನ ದನಿ ದೂರದಿಂದ ಕೇಳಿತು. "ನನ್ನ ಸೊಸೆ ಮಗೂನ ಎತ್ಕೊಂಡು ಹೋದ್ಲು. ಇಳೀತಾ ಇದೆ."

ಫೋನಿನಲ್ಲಿ ಕಬ್ಬಿಣ ಉಜ್ಜುವ ಸದ್ದು ಕೇಳಿತು. ಮೊದಲು ಸಣ್ಣಗೆ, ಆಮೇಲೆ ಯಾರೋ ಹಲ್ಲು ಕಡಿದಂತೆ. ದಢ್ ಎಂದಿತು. ಮಗು ಕಿರುಚಿಕೊಂಡಿತು.

"ಏನಾಯ್ತು? ಹಲೋ!"

"ಬಾಗಿಲು ತೆಗೀರಿ, ಕೈ ಕೊಡಮ್ಮ, ಕೈ ಕೊಡು..." ಗದ್ದಲ. ತುಂಬ ಹೊತ್ತಾದ ಮೇಲೆ ಅಧ್ಯಕ್ಷರು ಫೋನೆತ್ತಿದರು. ದನಿ ಇಳಿದಿತ್ತು. "ಬಂದ್ರು. ಇಬ್ಬರೂ ಹೊರಗೆ ಬಂದ್ರು. ನೆಲಕ್ಕಿಂತ ಸೊಂಟದುದ್ದ ಕೆಳಗೆ ಹೋಗಿ ನಿಂತಿತ್ತಮ್ಮ. ಸ್ವಿಚ್ ಆರಿಸಿದ್ದೀನಿ."

ಫೋನಿಟ್ಟು ಅವಳು ಕುರ್ಚಿಗೆ ಒರಗಿದಳು. ಪಕ್ಕದ ಮೇಜಿನ ಹುಡುಗಿ ಕೇಳಿದಳು, "ಏನಕ್ಕ, ದೆವ್ವ ನೋಡಿದ ಹಾಗಿದ್ದೀಯ?"

ಅವಳು ಪರದೆಯತ್ತ ತಿರುಗಿದಳು. ಕಳಿಸಿದ ಮೇಲ್‌ಗಳ ಪುಟ ತೆರೆದಿತ್ತು. ಬ್ರೇಕಣ್ಣ ಬರೆದು, ತನ್ನ ಕತ್ತರಿಯಡಿ ನುಣ್ಣಗಾಗಿ ಹೋದವು: ಆಸ್ಪತ್ರೆ, ಬಟ್ಟೆ ಅಂಗಡಿ, ಹೆಣ್ಣುಮಕ್ಕಳ ಹಾಸ್ಟೆಲ್. ಒಂದಕ್ಕೂ ಉತ್ತರ ಬಂದಿರಲಿಲ್ಲ. ಉತ್ತರ ಬಾರದಿದ್ದರೆ ಎಲ್ಲ ಸರಿಯಾಗಿದೆ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಮೊದಲು ಹಾಸ್ಟೆಲ್ಲಿಗೆ ಡಯಲ್ ಮಾಡಿದಳು. ಫೋನ್ ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.